ಫೋಟೋದಲ್ಲಿನ ಗೋಡೆ ನೋಡಿ ಇಟ್ಟಿಗೆ ಲೆಕ್ಕ ಹಾಕಿದ್ದು: ನನ್ನ ಅನುಭವ

"ಫೋಟೋ ನೋಡಿ ಇಟ್ಟಂಗಿ ಎಣಸ್ತೀರೇನ್ರಿ? ಲೋಡ್ ಕಮ್ಮಿ ಬಿದ್ರ ನಾ ಜವಾಬ್ದಾರ ಅಲ್ಲ ನೋಡ್ರಿ" ಅಂದಿದ್ದರು ನಮ್ಮ ಹಿರಿಯ ಗೌಂಡಿ. ಅವರ ಅಂದಾಜು 2,400. ನಾನು ತರಿಸಿದ್ದು 1,800.

ಕೆಲಸ ಗದಗಿನದು. ಮಾಲೀಕರು ಬೆಂಗಳೂರಲ್ಲಿ, ನಾನು ಹುಬ್ಬಳ್ಳಿಯಲ್ಲಿ. ಮಳೆಗೆ ಕಾಂಪೌಂಡಿನ ಒಂದು ಅಂಕಣ ಬಿದ್ದಿತ್ತು. ಅದೇ ಅಳತೆಯ ಪಕ್ಕದ ಅಂಕಣ ಗಟ್ಟಿಯಾಗಿ ನಿಂತಿತ್ತು. ಅದರ ಫೋಟೋ ವಾಟ್ಸಾಪಿಗೆ ಬಂತು. ಬರೀ ಅಂದಾಜು ಕೊಡಲು ಅಷ್ಟು ದೂರ ಹೋಗಿ ಬಂದರೆ ಒಂದು ದಿನದ ಕೂಲಿ ಹೋದಂತೆ.

ಇದಕ್ಕೂ ಮೊದಲು ಕೇಶ್ವಾಪುರದ ಒಂದು ಗೋಡೆಯಲ್ಲಿ ನಾನು ಪೆಟ್ಟು ತಿಂದಿದ್ದೆ. ಅದು ಒಂಬತ್ತು ಇಂಚಿನ ಗೋಡೆ. ಒಂದು ವರಸೆಯಲ್ಲಿ ಇಟ್ಟಿಗೆಯ ಉದ್ದ ಮುಖ, ಮುಂದಿನ ವರಸೆಯಲ್ಲಿ ತಲೆ. ನಾನು ಕಂಡದ್ದನ್ನೆಲ್ಲ ಎಣಿಸಿ, ಹಿಂದೆಯೂ ಅಷ್ಟೇ ಇರುತ್ತದೆ ಅಂತ ಎರಡರಿಂದ ಗುಣಿಸಿಬಿಟ್ಟೆ. ಉದ್ದ ಮುಖದ ವರಸೆಗೆ ಅದು ಸರಿ, ಹಿಂದೆ ಇನ್ನೊಂದು ಸಾಲು ಇರುತ್ತದೆ. ಆದರೆ ತಲೆ ಕಾಣುವ ಇಟ್ಟಿಗೆ ಗೋಡೆಯ ಆಚೆ ಮುಖದ ತನಕ ತಾನೇ ಹೋಗಿರುತ್ತದೆ. ಅದರ ಹಿಂದೆ ಬೇರೆ ಇಟ್ಟಿಗೆ ಎಲ್ಲಿಂದ ಬರಬೇಕು? 700ರಷ್ಟು ಜಾಸ್ತಿ ಬಂತು. ಆಗ ಒಂದಕ್ಕೆ ಎಂಟು ರೂಪಾಯಿ ಇದ್ದ ನೆನಪು. ಭಟ್ಟಿಯವರು ವಾಪಸ್ ತಗೊಳ್ಳಲಿಲ್ಲ. ಐದೂವರೆ ಸಾವಿರ ನನ್ನ ಕೈಯಿಂದ ಹೋಯಿತು.

ಅವತ್ತಿನಿಂದ ತಲೆ ವರಸೆ ಎಣಿಸುವುದನ್ನೇ ಬಿಟ್ಟೆ. ಉದ್ದ ಮುಖದ ಒಂದು ವರಸೆ ಎಣಿಸಿ ಎರಡರಿಂದ ಗುಣಿಸಿದರೆ ಸಾಕು. ತಲೆ ವರಸೆಗೂ ಹೆಚ್ಚೂಕಡಿಮೆ ಅಷ್ಟೇ ಹಿಡಿಯುತ್ತದೆ.

ಗದಗಿನ ಫೋಟೋವನ್ನು ಓರೆಯಾಗಿ ತೆಗೆದಿದ್ದರು. ಹತ್ತಿರದ ಇಟ್ಟಿಗೆ ದೊಡ್ಡದು, ಆಚೆ ತುದಿಯಲ್ಲಿ ಬರೀ ಕೆಂಪು ಮಸುಕು. ಮೊದಲು ಫೋಟೋದ ಮೇಲೆ ಸ್ಕೇಲ್ ಇಟ್ಟು ಅಳೆದೆ. ಬಂದ ಲೆಕ್ಕದ ಮೇಲೆ ನಂಬಿಕೆ ಬರಲಿಲ್ಲ. ಆಮೇಲೆ ಪ್ರಿಂಟ್ ತೆಗೆಸಿ, ಗೋಡೆಯ ನಾಲ್ಕು ಮೂಲೆಗೆ ಎದುರುಬದುರು ಎರಡು ಗೆರೆ ಎಳೆದೆ. ಗೆರೆ ಕೂಡುವ ಜಾಗವೇ ಗೋಡೆಯ ನಿಜವಾದ ನಡು, ಫೋಟೋ ಎಷ್ಟು ಓರೆ ಇದ್ದರೂ ಸರಿ. ಹತ್ತಿರದ ಅರ್ಧ ಸ್ಪಷ್ಟ ಇತ್ತು. ಅಲ್ಲಿ 16 ಇಟ್ಟಿಗೆ, ಅಂದರೆ ಪೂರ್ತಿ ಸಾಲಿಗೆ 32. ವರಸೆ 22.

ಇನ್ನು ಸಂದಿನ ಲೆಕ್ಕ. ಪಕ್ಕದ ಮನೆ ಹುಡುಗ ಅವರಮ್ಮನ ಹೊಲಿಗೆ ಟೇಪು ತಂದ. ಅದು 60 ಇಂಚು ಅಷ್ಟೇ. ಹತ್ತು ವರಸೆ ಅಳೆಸಿದೆ, 33 ಇಂಚು. ಐದು ಇಟ್ಟಿಗೆ ಸಂದು ಸಮೇತ 47 ಚಿಲ್ಲರೆ. ಅಂದರೆ ಒಂದಕ್ಕೆ ಒಂಬತ್ತೂವರೆ, ಅಂಕಣದ ಉದ್ದ 304 ಇಂಚು. ಈಗ ನಮಗೆ ಸಿಗುವ ಇಟ್ಟಿಗೆ ಎಂಟೂವರೆ ಇಂಚು. ಭಟ್ಟಿಯವರು ಹೇಳುವ ಅಳತೆ ನಾನು ಬರೆದುಕೊಳ್ಳುವುದಿಲ್ಲ. ಹತ್ತು ಇಟ್ಟಿಗೆ ಸಂದಿಲ್ಲದೆ ಸಾಲಾಗಿ ಇಟ್ಟು ಟೇಪು ಹಿಡಿಯುತ್ತೇನೆ. ಒಮ್ಮೆ ಮೂರು ಭಟ್ಟಿಯ ಇಟ್ಟಿಗೆ ಹೀಗೇ ಇಟ್ಟು ನೋಡಿದೆ. ಹತ್ತಕ್ಕೆ ಎರಡು ಬೆರಳು ವ್ಯತ್ಯಾಸ ಇತ್ತು! ಎಂಟೂವರೆಗೆ ಅರ್ಧ ಇಂಚು ಮಾಲು ಸೇರಿದರೆ ಒಂಬತ್ತು. 304ಕ್ಕೆ 34 ಬೇಕು. ಹಳೇ 32ನ್ನೇ ನಂಬಿದ್ದರೆ ಸುಮಾರು ನೂರು ಕಮ್ಮಿ ಬೀಳುತ್ತಿತ್ತು. ದಪ್ಪ ಹಳೇದರಷ್ಟೇ ಇತ್ತು, ಹಾಗಾಗಿ ವರಸೆ ಬದಲಾಗಲಿಲ್ಲ.

ಫೋಟೋಗೆ ಕಾಣದ್ದು ಎರಡು. ಒಂದು, ಮಣ್ಣೊಳಗಿನ ವರಸೆ. ಅಲ್ಲಿ ಎರೆಮಣ್ಣು, ಏರಿ ಕೂತಿರುತ್ತದೆ. ಹುಡುಗನ ಕೈಲಿ ಬುಡ ಕೆದರಿಸಿದೆ, ಇನ್ನೆರಡು ವರಸೆ ಸಿಕ್ಕವು. ಇನ್ನೊಂದು, ಗೋಡೆಯ ನೆತ್ತಿಯ ಮೇಲೆ ಅಡ್ಡ ನಿಲ್ಲಿಸಿದ ಸಾಲು. ಕೆಳಗಿನಿಂದ ನೋಡಿದರೆ ಅದೂ ಒಂದು ತಲೆ ವರಸೆ ಅನಿಸುತ್ತದೆ. ಆದರೆ ಇಟ್ಟಿಗೆ ಒತ್ತೊತ್ತಾಗಿ ನಿಂತಿರುತ್ತದೆ, ಮೂರೂಕಾಲು ಇಂಚಿಗೆ ಒಂದು. ಅದಕ್ಕೇ 94 ಹಿಡಿಯಿತು.

24 ವರಸೆ, 34 ಇಟ್ಟಿಗೆ, ಎರಡರಿಂದ ಗುಣಿಸಿದರೆ 1,632. ಮೇಲಿನ 94 ಸೇರಿ 1,726. ಒಡಕಿಗೆ, ತುಂಡಿಗೆ ಎಂಬತ್ತರ ಆಸುಪಾಸು. 1,800 ಹೇಳಿದೆ.

ಗಿಲಾವು ಆದ ಗೋಡೆಯನ್ನೂ ನಾನು ಎಣಿಸುತ್ತೇನೆ. ಮಳೆ ಬಂದ ಮರುದಿನ ಬೆಳಿಗ್ಗೆಯೇ ಫೋಟೋ ಕಳಿಸಿ ಅನ್ನುತ್ತೇನೆ, ಅಷ್ಟು ಹೇಳಬಲ್ಲೆ. ಅದರ ಮುಂದಿನದು ನನ್ನ ಹೊಟ್ಟೆಪಾಡು.

ಮೇಲಿನ ಸಾಲು ಮುಗಿದಾಗ 40 ಇಟ್ಟಿಗೆ ಉಳಿದಿದ್ದವು. ಗೌಂಡಿ ತಾವೇ ಎರಡು ಸಲ ಎಣಿಸಿದರು. ಆಮೇಲೆ ಏನೂ ಅನ್ನದೆ, ನೀರಿನ ಮೀಟರಿನ ಸುತ್ತ ಅದರಲ್ಲೇ ಒಂದು ಸಣ್ಣ ಗೂಡು ಕಟ್ಟಿಕೊಟ್ಟರು.