ಮೊದಲು ಹಿಂದಿರುಗುವ ಗಂಟೆ, ಆಮೇಲೆ ಸಭೆ: ಒಂದು ಕಟ್‌ಓವರ್‌ನ ಲೆಕ್ಕ

ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ದಾಟುವ ಕಟ್‌ಓವರ್‌ನ ಸಭೆಗೆ ಕರೆ ಕಳಿಸುವ ಮೊದಲು ನನಗೆ ಒಂದು ಗಂಟೆ ಗೊತ್ತಿರಬೇಕು. ಹೊಸ ವ್ಯವಸ್ಥೆ ಸರಿಯಾಗಿ ನಿಲ್ಲದಿದ್ದರೆ ಹಳೆಯದಕ್ಕೆ ಮರಳುತ್ತೇವೆ ಎಂದು ತೀರ್ಮಾನಿಸಲು ಇರುವ ಕಡೆಯ ಗಂಟೆ ಅದು. ಚೆಕ್‌ಲಿಸ್ಟು, ಯಾರು ಯಾವಾಗ ಎದ್ದಿರಬೇಕು, ಫೋನ್ ಪಟ್ಟಿ ಎಲ್ಲವೂ ಆ ಗಂಟೆಯಿಂದ ಹಿಂದಕ್ಕೆ ಎಣಿಸಿದಾಗ ತಾನಾಗಿ ಬರುತ್ತವೆ. ಸಭೆಯಲ್ಲೇ ಕೂತು ಆ ಗಂಟೆ ಹುಡುಕಲು ಹೊರಟರೆ, ಒಬ್ಬರು 'ನೋಡೋಣ' ಅನ್ನುತ್ತಾರೆ, ಇನ್ನೊಬ್ಬರು 'ಬೆಳಿಗ್ಗೆ ತನಕ ಟೈಮ್ ಅದ ಅಲ್ರಿ' ಅನ್ನುತ್ತಾರೆ. ಅಲ್ಲಿಗೆ ಸಭೆ ಮುಗಿಯುತ್ತದೆ.

ಉದಾಹರಣೆಗೆ ಕಲಬುರಗಿಯಲ್ಲಿ ಮುಖ್ಯ ಕಚೇರಿ ಇರುವ, ಬೀದರ್ ಮತ್ತು ಯಾದಗಿರಿ ಕಡೆಯೂ ಸೇರಿ ಎಂಟು ಶಾಖೆಗಳ ಪತ್ತಿನ ಸಹಕಾರ ಸಂಘ ಒಂದನ್ನು ಇಟ್ಟುಕೊಳ್ಳೋಣ. ಖಾತೆಗಳೆಲ್ಲ ಹಳೆಯ ಮೈಎಸ್‌ಕ್ಯುಎಲ್ ಡೇಟಾಬೇಸ್‌ನಿಂದ ಹೊಸ ಪೋಸ್ಟ್‌ಗ್ರೆಸ್‌ಗೆ ಹೋಗಬೇಕು. ಶನಿವಾರ ಸಂಜೆ 5ಕ್ಕೆ ಶಾಖೆ ಮುಚ್ಚುತ್ತದೆ, ಸೋಮವಾರ 10ಕ್ಕೆ ತೆರೆಯುತ್ತದೆ. ಸಿಬ್ಬಂದಿ 9:30ಕ್ಕೆ ಲಾಗಿನ್ ಆಗುತ್ತಾರೆ.

ಹಿಂದಿರುಗಲು ಎಷ್ಟು ಹೊತ್ತು ಬೇಕು ಎಂಬುದನ್ನು ಅಂದಾಜಿನಲ್ಲಿ ಬರೆಯಬಾರದು, ತಾಲೀಮಿನಲ್ಲಿ ಗಡಿಯಾರ ಹಿಡಿದು ಅಳೆಯಬೇಕು. ಇಲ್ಲಿ ಒಂದು ಶಾಖೆಯ ಕಂಪ್ಯೂಟರುಗಳನ್ನು ಹಳೆಯ ಸರ್ವರಿಗೆ ತಿರುಗಿಸಿ ಒಂದು ಪರೀಕ್ಷಾ ನಮೂದು ಹಾಕಿ ನೋಡಲು 15 ನಿಮಿಷ. ಒಬ್ಬರೇ ಮಾಡಿದರೆ ಎಂಟು ಶಾಖೆಗೆ ಎರಡು ಗಂಟೆ. ಹಳೆಯ ಸರ್ವರನ್ನು ಮತ್ತೆ ಬರೆಯಲು ತೆರೆಯುವುದು, ಪಿಗ್ಮಿ ಯಂತ್ರಗಳ ವಿಳಾಸ ಹಿಂದಕ್ಕೆ ಹಾಕುವುದು ಸೇರಿ 40 ನಿಮಿಷ. ಒಟ್ಟು 2 ಗಂಟೆ 40 ನಿಮಿಷ. ಅದರ ಅರ್ಧದಷ್ಟು ಸೇರಿಸಿ 4 ಗಂಟೆ ಎಂದು ಹಿಡಿಯುತ್ತೇನೆ. ತಾಲೀಮಿನ ದಿನ ಎಲ್ಲ ಶಾಖೆಯಲ್ಲೂ ಕರೆಂಟು ಇರುತ್ತದೆ, ಕಟ್‌ಓವರ್ ದಿನ ಒಂದರಲ್ಲಾದರೂ ಇರುವುದಿಲ್ಲ.

ಬರೀ ಲೆಕ್ಕ ನೋಡಿದರೆ ಸೋಮವಾರ 9:30ರಿಂದ 4 ಗಂಟೆ ಹಿಂದಕ್ಕೆ, ಅಂದರೆ ಬೆಳಿಗ್ಗೆ 5:30 ಕಡೆಯ ಗಂಟೆ. ಕಾಗದದ ಮೇಲೆ ಸರಿ, ಆದರೆ ಆ ಹೊತ್ತಿಗೆ ಬೀದರ್ ಶಾಖೆಯ ಬಾಗಿಲು ತೆರೆಯುವವರು ಯಾರು? ಕಲಬುರಗಿಯಿಂದ ಹೊರಟು ನೂರು ಕಿಲೋಮೀಟರಿಗೂ ಮೀರಿದ ದಾರಿ ಕ್ರಮಿಸಿ ಒಬ್ಬರು ಹೋಗಿ ಸರಿಪಡಿಸುವ ಮಾತಂತೂ ಇಲ್ಲ. ಹಿಂದಿರುಗುವ ಕೆಲಸ ಮಾಡಬೇಕಾದವರೆಲ್ಲ ಎದ್ದಿದ್ದು, ಶಾಖೆಯೊಳಗೆ ಇರುವ ಹೊತ್ತಿನಲ್ಲೇ ಆ 4 ಗಂಟೆ ಮುಗಿಯಬೇಕು. ಹಾಗಾಗಿ ತೀರ್ಮಾನ ಭಾನುವಾರ 18:00ಕ್ಕೆ. ಹಿಂದಿರುಗುವುದಾದರೆ 22:00ಕ್ಕೆ ಎಲ್ಲರೂ ಮನೆಗೆ. ಹನ್ನೊಂದೂವರೆ ಗಂಟೆ ಕೈಬಿಟ್ಟಂತೆ ಕಾಣುತ್ತದೆ ನಿಜ. ಆದರೆ ರಾತ್ರಿ ಎರಡಕ್ಕೆ ನಿದ್ದೆಗಣ್ಣಲ್ಲಿ ತೆಗೆದುಕೊಳ್ಳುವ ತೀರ್ಮಾನದ ಮೇಲೆ ನನಗೆ ನಂಬಿಕೆ ಇಲ್ಲ.

ಗಂಟೆಗಳನ್ನು 24ರ ಲೆಕ್ಕದಲ್ಲೇ ಬರೆಯುತ್ತೇನೆ, ವಾರದ ಜೊತೆ ತಾರೀಖೂ ಹಾಕುತ್ತೇನೆ. ನಮ್ಮ ಮಾತಿನಲ್ಲಿ 'ಶನಿವಾರ ರಾತ್ರಿ ಒಂದೂವರೆ' ಅಂದರೆ ಗಡಿಯಾರದ ಪ್ರಕಾರ ಅದು ಭಾನುವಾರ 01:30. ಬೇರೆ ಊರಿನ ಸಾಫ್ಟ್‌ವೇರ್ ಕಂಪನಿಯವರ ಕ್ಯಾಲೆಂಡರ್‌ನಲ್ಲಿ ಅದೇ ಮಾತು ಶನಿವಾರ 01:30 ಆಗಿ ಕೂತರೆ ಒಂದು ದಿನವೇ ತಪ್ಪುತ್ತದೆ. ಸರ್ವರಿನ ಗಡಿಯಾರ ಯುಟಿಸಿಯಲ್ಲಿದ್ದರೆ ನಮ್ಮ 18:00 ಅದಕ್ಕೆ 12:30. ರಾತ್ರಿ ತಾನಾಗಿ ಓಡುವ ಬ್ಯಾಕಪ್ ಕೆಲಸಗಳ ಸಮಯವನ್ನೂ ಈ ಐದೂವರೆ ಗಂಟೆ ಕೂಡಿಸಿಯೇ ನೋಡಬೇಕು. ಇಲ್ಲವಾದರೆ ಡೇಟಾ ತುಂಬುವ ನಡುವೆಯೇ ಬ್ಯಾಕಪ್ ಶುರುವಾಗಿ ಎರಡೂ ತೆವಳುತ್ತವೆ.

ಸಭೆ ಗುರುವಾರ 16:00ಕ್ಕೆ, 45 ನಿಮಿಷ. ಶುಕ್ರವಾರ ಇಟ್ಟರೆ ಕಂಡ ಕೊರತೆ ತುಂಬಲು ಪೂರ್ತಿ ಕೆಲಸದ ದಿನ ಒಂದೂ ಉಳಿಯುವುದಿಲ್ಲ. ಸೋಮವಾರ ಇಟ್ಟರೆ ಗುರುವಾರದ ಹೊತ್ತಿಗೆ ಅರ್ಧ ಮರೆತಿರುತ್ತದೆ. ದಿನ ಆರಿಸುವಾಗ ತಿಂಗಳ ಕೊನೆ, ಬಡ್ಡಿ ಹಾಕುವ ವಾರ ಮತ್ತು ಶರಣಬಸವೇಶ್ವರ ಜಾತ್ರೆಯ ವಾರ ಬಿಡುತ್ತೇನೆ. ಭಾನುವಾರ ಯಾವ ಊರಿನಲ್ಲಿ ವಿದ್ಯುತ್ ನಿಲುಗಡೆ ಇದೆ ಎಂದು ಜೆಸ್ಕಾಂನ ಆಯಾ ವಿಭಾಗದಲ್ಲಿ ಕೇಳುವ ಕೆಲಸ ಒಬ್ಬರ ಹೆಸರಿಗೆ ಬರೆದಿರುತ್ತದೆ.

ಸಭೆಗೆ ಕರೆಯಬೇಕಾದವರು ಕಡಿಮೆ: ತೀರ್ಮಾನ ಹೇಳುವ ಒಬ್ಬರು, ಅವರಿಲ್ಲದಿದ್ದರೆ ಹೇಳುವ ಇನ್ನೊಬ್ಬರು, ಡೇಟಾಬೇಸ್ ನೋಡುವವರು, ನೆಟ್‌ವರ್ಕ್‌ನವರು, ಮುಖ್ಯ ಲೆಕ್ಕಿಗರು, ಪಿಗ್ಮಿ ಏಜೆಂಟರನ್ನು ನೋಡಿಕೊಳ್ಳುವವರು. ಕಡೆಯವರನ್ನು ಸಾಮಾನ್ಯವಾಗಿ ಯಾರೂ ಕರೆಯುವುದಿಲ್ಲ. ಕಟ್‌ಓವರ್ ಕೆಡುವುದು ಬಹಳ ಸಲ ಅಲ್ಲಿಯೇ.

ಏಕೆಂದರೆ ಪಿಗ್ಮಿಗೆ ಭಾನುವಾರ ರಜೆ ಇಲ್ಲ. ಏಜೆಂಟರು ಅಂಗಡಿ ಅಂಗಡಿ ತಿರುಗಿ ಹಣ ಕಟ್ಟಿಸಿಕೊಂಡು ಕೈಯಂತ್ರದಲ್ಲಿ ಚೀಟಿ ಕೊಡುತ್ತಾರೆ, ಶಾಖೆಗೆ ಬಂದಾಗ ಯಂತ್ರದಲ್ಲಿದ್ದದ್ದು ಸರ್ವರಿಗೆ ಇಳಿಯುತ್ತದೆ. ಶನಿವಾರ ಇಳಿಸದೆ ಉಳಿದ ಚೀಟಿ ಹಳೆಯ ಡೇಟಾದಲ್ಲೂ ಇರುವುದಿಲ್ಲ, ಹೊಸದರಲ್ಲೂ ಇರುವುದಿಲ್ಲ. ಎರಡೂ ಕಡೆಯ ಮೊತ್ತ ತಾಳೆಯಾಗುತ್ತದೆ, ಗ್ರಾಹಕರ ಹಣ ಮಾತ್ರ ಕಾಣುವುದಿಲ್ಲ. ಆದ್ದರಿಂದ ಚೆಕ್‌ಲಿಸ್ಟಿನ ಮೊದಲ ಸಾಲೇ ಇದು: ಶನಿವಾರ 18:30ರೊಳಗೆ ಎಲ್ಲ ಯಂತ್ರಗಳೂ ಇಳಿದಿರಬೇಕು, ಯಂತ್ರದ ನಂಬರಿನ ಎದುರು ಕಡೆಯ ಚೀಟಿಯ ನಂಬರು ಬರೆದಿರಬೇಕು. ಭಾನುವಾರದ ವಸೂಲಿ ಯಂತ್ರದಲ್ಲೇ ಇರಲಿ, ಸೋಮವಾರ 11:00ರ ತನಕ ಇಳಿಸುವಂತಿಲ್ಲ. ಹೊಸ ಸರ್ವರಿಗೆ ಮೊದಲ ನಿಜವಾದ ವಹಿವಾಟು ಇಳಿದ ಕ್ಷಣದಿಂದ ಹಿಂದಿರುಗುವುದು ಸುಲಭವಲ್ಲ, ಆ ವಹಿವಾಟನ್ನು ಹಳೆಯದರಲ್ಲಿ ಕೈಯಾರೆ ಮತ್ತೆ ಹಾಕಬೇಕಾಗುತ್ತದೆ.

ಚೆಕ್‌ಲಿಸ್ಟಿನ ಪ್ರತಿ ಸಾಲಿಗೂ ನಾಲ್ಕು ಮನೆ: ಶುರುವಾಗುವ ಗಂಟೆ, ತಾಲೀಮಿನಲ್ಲಿ ಹಿಡಿದ ಹೊತ್ತು, ಮಾಡುವವರ ಹೆಸರು, ಪುರಾವೆ. ನಾಲ್ಕನೆಯ ಮನೆಯಲ್ಲಿ 'ಆಯಿತು' ಎಂದು ಬರೆಯಲು ಬಿಡುವುದಿಲ್ಲ. 'ಸರ, ಎಲ್ಲಾ ಆಗ್ಯಾದ್ರಿ' ಅಂದರೆ, 'ಎಷ್ಟು ಬಂತ್ರಿ?' ಎಂದು ಕೇಳಿ ಸಂಖ್ಯೆ ಬರೆಸುತ್ತೇನೆ. ಶನಿವಾರ 20:00ಕ್ಕೆ ಹಳೆಯದಕ್ಕೆ ಬೀಗ ಹಾಕುವ ಸಾಲಿಗೆ ಈ ಆಜ್ಞೆ:

```sql
SET GLOBAL super_read_only = ON;
```

ಬರೀ `read_only` ಹಾಕಿದರೆ ಮೇಲಿನ ಅಧಿಕಾರವಿರುವ ಬಳಕೆದಾರರು ಇನ್ನೂ ಬರೆಯಬಲ್ಲರು, ಹಳೆಯ ಸಾಫ್ಟ್‌ವೇರುಗಳು ಬಹುಮಟ್ಟಿಗೆ ಅಂಥ ಬಳಕೆದಾರರ ಹೆಸರಿನಲ್ಲೇ ಓಡುತ್ತಿರುತ್ತವೆ. ಬೀಗ ಬಿದ್ದ ಮೇಲೆ ಕಡೆಯ ಬ್ಯಾಕಪ್. ಅದನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿದ ಮೇಲೆಯೇ 21:30ಕ್ಕೆ ತುಂಬುವ ಕೆಲಸ ಶುರು. ತಾಲೀಮಿನಲ್ಲಿ ಅದಕ್ಕೆ ಹಿಡಿದದ್ದು ನಾಲ್ಕೂವರೆ ಗಂಟೆ. ತುಂಬಿದ ಮೇಲೆ ಎರಡೂ ಕಡೆ ಒಂದೇ ಪ್ರಶ್ನೆ ಓಡಿಸಿ ಉತ್ತರಗಳನ್ನು ಅಕ್ಕಪಕ್ಕ ಇಡುತ್ತೇವೆ:

```sql
SELECT branch_id, COUNT(*), SUM(balance)
FROM accounts
GROUP BY branch_id ORDER BY branch_id;
```

ಇನ್ನೊಂದು ಸಾಲು ಎಲ್ಲರೂ ಮರೆಯುವಂಥದ್ದು. ಹಳೆಯ ವೋಚರ್ ನಂಬರುಗಳ ಸಮೇತ ಡೇಟಾ ತುಂಬಿದಾಗ ಪೋಸ್ಟ್‌ಗ್ರೆಸ್‌ನ ನಂಬರು ಎಣಿಸುವ ಸೀಕ್ವೆನ್ಸ್ ತಾನಾಗಿ ಮುಂದೆ ಹೋಗುವುದಿಲ್ಲ. ಸೋಮವಾರ ಮೊದಲ ವೋಚರ್ ಹಾಕಿದ ಕೂಡಲೇ `duplicate key` ಎಂದು ಬಡಿಯುತ್ತದೆ.

```sql
SELECT setval('vouchers_id_seq',
  (SELECT MAX(id) FROM vouchers));
```

ಭಾನುವಾರ 10:00ರಿಂದ ಲೆಕ್ಕಿಗರ ಪಾಳಿ. ಪ್ರತಿ ಶಾಖೆಯ 20 ಪಾಸ್‌ಬುಕ್ಕುಗಳನ್ನು ಹೊಸ ಪರದೆಯ ಜೊತೆ ತಾಳೆ ನೋಡುತ್ತಾರೆ. ಇಲ್ಲಿ ಮೊತ್ತದಷ್ಟೇ ಹೆಸರೂ ಮುಖ್ಯ. ಹಳೆಯ ಡೇಟಾ ನುಡಿ ಸಾಫ್ಟ್‌ವೇರಿನ ಯೂನಿಕೋಡ್ ಅಲ್ಲದ ಫಾಂಟಿನಲ್ಲಿದ್ದರೆ, ಸಾಲುಗಳ ಎಣಿಕೆ, ಮೊತ್ತ ಎಲ್ಲ ಸರಿ ಬಂದೂ ಹೆಸರುಗಳು ಕಲಸಿಹೋಗಿರಬಹುದು. ಆ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ರೇಫ ಮೊದಲು ಬರಬೇಕು. ಪರಿವರ್ತಿಸುವ ಪ್ರೋಗ್ರಾಮು ಕೈಕೊಡುವುದು ಅಲ್ಲೇ. 'ಧರ್ಮಣ್ಣ' ನೋಡಿದರೆ ತಿಳಿಯುತ್ತದೆ. ಅದಕ್ಕಿಂತ ಸುಲಭ, 2014ರಲ್ಲಿ ಊರಿನ ಹೆಸರು ಬದಲಾಗುವ ಮೊದಲಿನ ಯಾವ ವಿಳಾಸವನ್ನಾದರೂ ತೆಗೆಯಿರಿ: 'ಗುಲ್ಬರ್ಗಾ' ಸರಿಯಾಗಿ ಮೂಡಿದ್ದರೆ ಅರ್ಕಾವೊತ್ತು ಸರಿಯಾಗಿದೆ.

18:00ರ ತೀರ್ಮಾನಕ್ಕೆ ಅಳತೆ ಏನು ಎಂಬುದನ್ನು ಗುರುವಾರವೇ ಬರೆದು ಓದಿಬಿಡುತ್ತೇನೆ. ಶಾಖೆವಾರು ಖಾತೆ ಎಣಿಕೆ ಸಮ, ಮೊತ್ತದಲ್ಲಿ ಒಂದು ಪೈಸೆಯ ವ್ಯತ್ಯಾಸವೂ ಇಲ್ಲ, ಎಂಟೂ ಶಾಖೆಯಿಂದ ಲಾಗಿನ್ ಆಗಿದೆ ಎಂದರೆ ಮುಂದಕ್ಕೆ. ವ್ಯತ್ಯಾಸ ಬಂದರೆ ಮೊತ್ತ ದೊಡ್ಡದೋ ಸಣ್ಣದೋ ಎಂದು ಕೇಳುವುದಿಲ್ಲ, ಕಾರಣ ಗೊತ್ತೋ ಇಲ್ಲವೋ ಎಂದು ಕೇಳುತ್ತೇನೆ. ವಹಿವಾಟಿನ ಮೂರು ಸಾಲು ಕಡಿಮೆ ಬಂದಿವೆ ಎನ್ನಿ. ಲಾಗ್‌ನಲ್ಲಿ ಹೀಗೆ ಕಂಡರೆ ಕಾರಣ ಸ್ಪಷ್ಟ:

```
date/time field value out of range: "0000-00-00"
```

ಹಳೆಯ ಮೈಎಸ್‌ಕ್ಯುಎಲ್ ಸೊನ್ನೆ ತಾರೀಖನ್ನು ಒಪ್ಪಿಕೊಳ್ಳುತ್ತಿತ್ತು, ಪೋಸ್ಟ್‌ಗ್ರೆಸ್ ಒಪ್ಪುವುದಿಲ್ಲ, ಸಾಲನ್ನೇ ತಳ್ಳಿಹಾಕಿದೆ. ವೋಚರ್ ಪುಸ್ತಕ ನೋಡಿ ನಿಜವಾದ ತಾರೀಖು ಹಾಕಿ, ಮತ್ತೆ ತಾಳೆ ನೋಡಿ 18:00ರೊಳಗೆ ಮುಗಿಯುವುದಾದರೆ ಮುಂದೆ ಹೋಗಬಹುದು. ಒಂದೇ ರೂಪಾಯಿ ವ್ಯತ್ಯಾಸ, ಕಾರಣ ಮಾತ್ರ ಸಿಗುತ್ತಿಲ್ಲ ಎಂದರೆ ಹಿಂದಕ್ಕೆ. 17:50ಕ್ಕೆ 'ಇನ್ನರ್ಧ ಗಂಟೆ ಕೊಡ್ರಿ' ಎಂಬ ಮಾತು ಬಂದೇ ಬರುತ್ತದೆ. ಕೊಡುವುದಿಲ್ಲ ಎಂದು ಗುರುವಾರವೇ ಒಪ್ಪಿಸಿಕೊಂಡಿದ್ದರೆ ಆ ಹೊತ್ತಿನಲ್ಲಿ ಜಗಳವಿಲ್ಲ.

ಫೋನ್ ಪಟ್ಟಿ ಒಂದು ಹಾಳೆ ಮೀರಬಾರದು. ಹೆಸರು, ಕೆಲಸ, ಎರಡು ನಂಬರು, ಯಾವ ಗಂಟೆಯಿಂದ ಯಾವ ಗಂಟೆಗೆ ಎಚ್ಚರವಿರುತ್ತಾರೆ, ಎತ್ತದಿದ್ದರೆ ಯಾರಿಗೆ. ಎರಡನೆಯ ನಂಬರು ಬೇರೆ ಕಂಪನಿಯ ಸಿಮ್ಮಿನದಾಗಿರಲಿ, ಇಲ್ಲವೇ ಮನೆಯವರದಾಗಿರಲಿ. ಅದೇ ಫೋನಿನ ಇನ್ನೊಂದು ಸಿಮ್ಮಾದರೆ ಚಾರ್ಜು ಮುಗಿದಾಗ ಎರಡೂ ಒಟ್ಟಿಗೆ ಸಾಯುತ್ತವೆ. ಸಭೆಯ ಕಡೆಯ ಹತ್ತು ನಿಮಿಷ ಇದಕ್ಕೇ ಇಟ್ಟಿದ್ದೇನೆ: ಕೂತಲ್ಲೇ ಪ್ರತಿ ನಂಬರಿಗೂ ಕರೆ ಮಾಡಿ, ಎಲ್ಲರೂ ಎಲ್ಲರ ನಂಬರು ಸೇವ್ ಮಾಡಿಕೊಳ್ಳಬೇಕು. ಗೊತ್ತಿಲ್ಲದ ನಂಬರಿನಿಂದ ರಾತ್ರಿ ಎರಡಕ್ಕೆ ಕರೆ ಬಂದರೆ ಯಾರೂ ಎತ್ತುವುದಿಲ್ಲ, ರಾತ್ರಿ ಸದ್ದಡಗಿಸುವ ಫೋನು ಸೇವ್ ಆಗದ ನಂಬರಿಗೆ ರಿಂಗೂ ಆಗುವುದಿಲ್ಲ. ಗುಂಪಿಗೆ ಮೆಸೇಜು ಹಾಕಿದ್ದನ್ನು ತಿಳಿಸಿದಂತೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕರೆ ಮಾಡಬೇಕು; ಹತ್ತು ನಿಮಿಷದಲ್ಲಿ ಎರಡು ಸಲ ಎತ್ತದಿದ್ದರೆ ಮುಂದಿನವರಿಗೆ.

ಪಾಳಿಯನ್ನೂ ಹಾಗೆಯೇ ಹಂಚುತ್ತೇನೆ. ರಾತ್ರಿ ಡೇಟಾ ತುಂಬಿದವರು ಭಾನುವಾರ 04:00ರಿಂದ 12:00ರ ತನಕ ಪಟ್ಟಿಯಲ್ಲಿ ಇರುವುದಿಲ್ಲ, ಅವರ ಜಾಗದಲ್ಲಿ ಬೇರೆಯವರ ಹೆಸರು. ಹಿಂದಿರುಗಬೇಕಾಗಿ ಬಂದರೆ 18:00ಕ್ಕೆ ಬೇಕಾದವರು ಅವರೇ.

ಸೋಮವಾರಕ್ಕೂ ಪಟ್ಟಿ ಮುಗಿಯುವುದಿಲ್ಲ. 9:30ರಿಂದ 13:00ರ ತನಕ ಡೇಟಾಬೇಸ್‌ನವರೂ ನೆಟ್‌ವರ್ಕ್‌ನವರೂ ಮುಖ್ಯ ಕಚೇರಿಯಲ್ಲಿ, 11:00ಕ್ಕೆ ಪಿಗ್ಮಿ ಯಂತ್ರಗಳು ಒಂದೊಂದಾಗಿ, ಮೊದಲು ಒಂದೇ ಶಾಖೆಯವು. ಆ ಶಾಖೆಯ ಮೊತ್ತ ಚೀಟಿಗಳ ಜೊತೆ ತಾಳೆಯಾದ ಮೇಲೆ ಉಳಿದ ಏಳು. ಹಳೆಯ ಸರ್ವರು ಬೀಗ ಹಾಕಿದ ಸ್ಥಿತಿಯಲ್ಲೇ ಮುಂದಿನ ಬಡ್ಡಿ ಲೆಕ್ಕ ಮುಗಿಯುವ ತನಕ ಓಡುತ್ತಿರುತ್ತದೆ. ಅದರ ಪ್ಲಗ್ಗಿನ ಮೇಲೆ 'ತೆಗೆಯಬೇಡಿ' ಎಂದು ಚೀಟಿ ಅಂಟಿಸುವುದು ಚೆಕ್‌ಲಿಸ್ಟಿನ ಕಡೆಯ ಸಾಲು.