ದೋಸೆಗೆ ಗ್ಯಾಸ್, ಸಾಂಬಾರಿಗೆ ಇಂಡಕ್ಷನ್: ನಮ್ಮ ಹೋಟೆಲಿನ ಲೆಕ್ಕ

ತುಮಕೂರಿನ ನಮ್ಮ ದರ್ಶಿನಿಗೆ 5 ಕಿಲೋವ್ಯಾಟ್‌ನ ಎರಡು ಇಂಡಕ್ಷನ್ ಒಲೆಗಳನ್ನು ತಂದ ದಿನ ನಮ್ಮ ಭಟ್ಟರು, "ಉರಿಯೇ ಕಾಣದ ಒಲೆಯಲ್ಲಿ ಹದ ಹಿಡಿಯುವುದು ಹೇಗೆ ಸ್ವಾಮಿ?" ಎಂದು ಕೇಳಿದ್ದರು. ಮೊದಲ ಎರಡು ತಿಂಗಳು ಅವರ ಮಾತೇ ನಿಜವಾಯಿತು. ಹಳೆಯ ಅಲ್ಯೂಮಿನಿಯಂ ಡಬರಿಗಳು ಆ ಒಲೆಯ ಮೇಲೆ ಕಾಯಲೇ ಇಲ್ಲ. ಅವಸರದಲ್ಲಿ ಕೊಂಡ ಸ್ಟೀಲ್ ಪಾತ್ರೆಗಳಲ್ಲಿಯೂ ಎರಡರ ತಳಕ್ಕೆ ಅಯಸ್ಕಾಂತ ಹಿಡಿಯಲಿಲ್ಲವಾದ್ದರಿಂದ ಸುಮಾರು ಒಂಬತ್ತು ಸಾವಿರ ರೂಪಾಯಿ ನಷ್ಟವಾಯಿತು.

ದೋಸೆಯನ್ನೂ ಇಂಡಕ್ಷನ್‌ಗೆ ತರಲು ಹೊರಟದ್ದು ಅದಕ್ಕಿಂತ ದೊಡ್ಡ ತಪ್ಪು. ಕಾಯಿಲ್ ಇರುವಷ್ಟು ಜಾಗ ಮಾತ್ರ ಬೇಗ ಕಾದು, ಕಾವಲಿಯ ಅಂಚು ತಣ್ಣಗೇ ಉಳಿಯುತ್ತಿದ್ದುದರಿಂದ ನಡುವಿನ ದೋಸೆ ಸೀದರೆ ಬದಿಯದು ಬಿಳುಚಿಕೊಂಡೇ ಏಳುತ್ತಿತ್ತು. ಉದ್ದಕ್ಕೂ ಉರಿಯುವ ಪೈಪ್ ಬರ್ನರ್‌ಗೆ ಮರಳಿದ ಮೇಲೆಯೇ ಆ ತೊಂದರೆ ತಪ್ಪಿತು.

ಲಾಭವಿರುವುದು ಕುದಿಸುವ ಕೆಲಸದಲ್ಲಿ. ಸಿಲಿಂಡರನ್ನು ಮೊದಲೂ ಕೊನೆಗೂ ತೂಗಿ ನೋಡಿದಾಗ 40 ಲೀಟರ್ ನೀರು ಕುದಿಯಲು ಸುಮಾರು 600 ಗ್ರಾಂ ಗ್ಯಾಸ್ ಬೇಕಾಯಿತು, 19 ಕೆ.ಜಿ. ಸಿಲಿಂಡರಿಗೆ ಅಂದಾಜು 1,800 ರೂಪಾಯಿ ಎಂದರೆ ಅದು 57 ರೂಪಾಯಿ. ಅಷ್ಟೇ ನೀರಿಗೆ ಇಂಡಕ್ಷನ್ ನಾಲ್ಕು ಯೂನಿಟ್‌ಗಿಂತ ತುಸು ಹೆಚ್ಚು ತೆಗೆದುಕೊಂಡಿತು. ತೆರಿಗೆ ಸೇರಿ ಯೂನಿಟ್‌ಗೆ ಒಂಬತ್ತೂವರೆ ರೂಪಾಯಿ ಹಿಡಿದರೂ ಅದು 39 ರೂಪಾಯಿ. ಆದರೆ 10 ಕಿಲೋವ್ಯಾಟ್ ಲೋಡ್ ಹೆಚ್ಚಿಸಿಕೊಂಡದ್ದಕ್ಕೆ ಒಲೆ ಹಚ್ಚದಿದ್ದರೂ ತಿಂಗಳಿಗೆ ಎರಡು ಸಾವಿರದಷ್ಟು ನಿಗದಿತ ಶುಲ್ಕ ಬೀಳುತ್ತದೆ. ಹಾಗಾಗಿ ದಿನಕ್ಕೆ ನಾಲ್ಕು ಡಬರಿಯೂ ಕುದಿಸದವರಿಗೆ ಗ್ಯಾಸೇ ಅಗ್ಗ. ಸಾಂಬಾರು, ಹಾಲು, ಅನ್ನ, ಇಡ್ಲಿ ಸೇರಿ ನಮ್ಮಲ್ಲಿ ಹದಿನಾಲ್ಕು ಡಬರಿಯ ಕೆಲಸವಿರುವುದರಿಂದ ಶುಲ್ಕ ಕಳೆದು ತಿಂಗಳಿಗೆ ಐದು ಸಾವಿರಕ್ಕೂ ಮೇಲೆ ಉಳಿಯುತ್ತಿದೆ. ಒಲೆ, ಪಾತ್ರೆ, ವೈರಿಂಗ್‌ಗೆ ಹಾಕಿದ ಒಂದು ಲಕ್ಷ ಚಿಲ್ಲರೆ ಎರಡು ವರ್ಷದೊಳಗೆ ಮರಳಿತು. ಬೇಡವೆಂದಿದ್ದ ಇಬ್ಬರು ಹೋಟೆಲಿನವರು ಈಗ ನಮ್ಮ ಅಡುಗೆಮನೆ ನೋಡಿ ಹೋಗಿದ್ದಾರೆ.

ಹಾಲಿನ ಹದಕ್ಕೆ ಮಾತ್ರ ಬಹಳ ದಿನ ಹಿಡಿಯಿತು. ನಮ್ಮ ಒಲೆ ಸಣ್ಣ ಕಾವಿನಲ್ಲಿ ಎಡೆಬಿಡದೆ ಉರಿಯುವುದಿಲ್ಲ. ಪೂರ್ತಿ ಹೊತ್ತಿ, ನಿಂತು, ಮತ್ತೆ ಹೊತ್ತುತ್ತದೆ. ಗುಳ್ಳೆಗಳು ಬಿಟ್ಟು ಬಿಟ್ಟು ಏಳುವುದು ಕಂಡರೆ ತಳ ಹಿಡಿಯುವುದು ಖಚಿತ. ದಪ್ಪ ತಳದ ಪಾತ್ರೆಯಿಂದ ಅರ್ಧ ಸಮಸ್ಯೆ ನೀಗಿತು. ಉಳಿದರ್ಧಕ್ಕೆ ನಾನು ಕಂಡುಕೊಂಡ ಉಪಾಯವನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಇದೇ ಒಲೆಯ ಮೇಲೆ ಕೇಸರಿಬಾತ್ ಕೂಡ ಮಾಡಿ ನೋಡಿದೆ. ರವೆ ಹುರಿಯುವಾಗ ಬಾಣಲೆಯನ್ನು ಎತ್ತಿದೊಡನೆ ಕಾವು ನಿಲ್ಲುವುದರಿಂದ ಒಗ್ಗಲಿಲ್ಲ.

ಸುರಕ್ಷತೆಯಲ್ಲಿ ಎರಡಕ್ಕೂ ಅಪಾಯ ಬರುವುದು ನೆಲದ ಕಡೆಯಿಂದಲೇ. ಸೋರಿದ ಗ್ಯಾಸ್ ಗಾಳಿಗಿಂತ ಭಾರವಾದ್ದರಿಂದ ಕೆಳಗೆ ಕೂರುತ್ತದೆ. ಅದಕ್ಕೆಂದು ಗೋಡೆಯ ಬುಡದಲ್ಲಿ ಜಾಲರಿ ಕೊರೆಸಿದ್ದೇನೆ. ಇಂಡಕ್ಷನ್‌ಗೆ ನೆಲ ತೊಳೆಯುವ ನೀರೇ ಶತ್ರು. ಸಾಕೆಟ್‌ಗಳನ್ನು ಸೊಂಟದೆತ್ತರಕ್ಕೆ ಏರಿಸಿ, ಪ್ರತ್ಯೇಕ ಅರ್ತಿಂಗ್ ಮತ್ತು ಕರೆಂಟ್ ಸೋರಿದೊಡನೆ ಲೈನ್ ಕಡಿಯುವ ಆರ್‌ಸಿಸಿಬಿ ಸ್ವಿಚ್ ಹಾಕಿಸಿದೆ. ಒಮ್ಮೆ ಮಧ್ಯಾಹ್ನದ ಊಟದ ಹೊತ್ತಿಗೆ ಒಲೆ ತಾನಾಗಿಯೇ ನಿಂತುಹೋದಾಗ ಬಿಚ್ಚಿ ನೋಡಿದರೆ ಫ್ಯಾನಿನ ಜಾಲರಿಯಲ್ಲಿ ಎಣ್ಣೆಯ ಜಿಡ್ಡು ಗಟ್ಟಿಯಾಗಿ ಕೂತಿತ್ತು. ಅಂದಿನಿಂದ ಪ್ರತಿ ಸೋಮವಾರ ರಾತ್ರಿ ಅದನ್ನು ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಕೂರಿಸುತ್ತೇವೆ.