ಬಿದ್ದವರ ಕೈಕಾಲು ಅದುರಿದರೆಲ್ಲ ಫಿಟ್ಸ್ ಅಲ್ಲ: ನೋಡಿದವರು ಗಮನಿಸಬೇಕಾದ್ದೇನು?

ಶಾಲೆಯ ಬೆಳಗಿನ ಪ್ರಾರ್ಥನೆ. ತಿಂಡಿ ತಿನ್ನದೆ ಬಂದಿದ್ದ 14 ವರ್ಷದ ಹುಡುಗಿ ಬಿಸಿಲಲ್ಲಿ 20 ನಿಮಿಷ ನಿಂತು ಕುಸಿಯುತ್ತಾಳೆ. ಗೆಳತಿಯರು ಎತ್ತಿ ಕೂರಿಸಿದೊಡನೆ ಕೈಗಳು ನಾಲ್ಕೈದು ಸಲ ಅದುರುತ್ತವೆ. ಯಾರೋ ಬೀಗದಕೈ ಹಿಡಿಸುತ್ತಾರೆ. ಮನೆಗೆ ಹೋಗುವ ಸುದ್ದಿ, ‘ಫಿಟ್ಸ್ ಬಂತು’.

ಇದು ಬಹುಪಾಲು ಬರೀ ತಲೆಸುತ್ತಿನ ಮೂರ್ಛೆ. ಮಿದುಳಿಗೆ ರಕ್ತ ಸಾಲದೆ ಎಚ್ಚರ ತಪ್ಪಿದಾಗಲೂ ಕೈಕಾಲು ಕೆಲವು ಸಲ ಅದುರುತ್ತವೆ. ಕೂರಿಸಿದರೆ ರಕ್ತ ಮೇಲೇರುವುದು ಇನ್ನೂ ಕಷ್ಟ, ಅದುರು ಹೆಚ್ಚುತ್ತದೆ. ಆದ್ದರಿಂದ ಮೊದಲು ಅಂಗಾತ ಮಲಗಿಸಿ, ಕಾಲು ತುಸು ಎತ್ತಿ ಹಿಡಿಯಿರಿ. ಸೆಳೆತ ನಿಲ್ಲದಿದ್ದರೆ ಸುತ್ತಲ ವಸ್ತು ಸರಿಸಿ, ತಲೆಯಡಿ ಮೆತ್ತನೆಯದೇನಾದರೂ ಇಡಿ. ಸೆಳೆತ ನಿಂತ ಮೇಲೆ ಪಕ್ಕಕ್ಕೆ ಹೊರಳಿಸಿ. ಬಾಯಿಗೆ ಏನನ್ನೂ ತುರುಕಬೇಡಿ. ಬೀಗದಕೈಯಿಂದ ಪ್ರಯೋಜನವಿಲ್ಲ.

ಅಷ್ಟರಲ್ಲೇ ಒಬ್ಬರು ಗಡಿಯಾರ ನೋಡಲಿ, ಇನ್ನೊಬ್ಬರು ಮೊಬೈಲಿನಲ್ಲಿ ವಿಡಿಯೊ ತೆಗೆಯಲಿ. ಗಾಬರಿಯಲ್ಲಿ 20 ಸೆಕೆಂಡು ಐದು ನಿಮಿಷದಂತೆ ಅನ್ನಿಸುತ್ತದೆ, ಆ ಅಂದಾಜು ಡಾಕ್ಟರನ್ನು ದಾರಿ ತಪ್ಪಿಸುತ್ತದೆ. ಮೂರ್ಛೆಯಲ್ಲಿ ಸಾಮಾನ್ಯವಾಗಿ ಅರ್ಧ ನಿಮಿಷದೊಳಗೆ ಎಚ್ಚರ ಬರುತ್ತದೆ, ಅದುರುವುದು ಹತ್ತು ಸಲ ಮೀರುವುದು ಅಪರೂಪ. ಮೈಯೆಲ್ಲ ಸೆಳೆಯುವ ಅಪಸ್ಮಾರದಲ್ಲಿ, ಅಂದರೆ ನಿಜವಾದ ಫಿಟ್ಸ್‌ನಲ್ಲಿ, ಮೈ ಮೊದಲು ಕೊರಡಾಗಿ, ಆಮೇಲೆ ಲಯಬದ್ಧವಾಗಿ ಒಂದೆರಡು ನಿಮಿಷ ಸೆಳೆಯುತ್ತದೆ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗುವ ಮುಂಚೆ ಮತ್ತೊಮ್ಮೆ ಬಂದರೆ, 108ಕ್ಕೆ ಕರೆ ಮಾಡಿ.

ಮುಖದ ಬಣ್ಣ ನೆನಪಿಡಿ. ಬಿಳಿಚಿಕೊಂಡು ಬೆವರಿತ್ತೇ, ನೀಲಿಗಟ್ಟಿತ್ತೇ? ನೀಲಿಯಾದರೆ ಅಪಸ್ಮಾರದ ಶಂಕೆ ಹೆಚ್ಚು. ಬೀಳುವ ಮೊದಲು ಕಣ್ಣು ಕತ್ತಲೆಗಟ್ಟಿತೆಂದೋ ಹೊಟ್ಟೆ ತೊಳಸಿತೆಂದೋ ಹೇಳಿದ್ದರೆ ಅದು ಮೂರ್ಛೆಯ ಕಡೆ ಬೆರಳು ಮಾಡುತ್ತದೆ. ಬಟ್ಟೆಯಲ್ಲೇ ಮೂತ್ರ ಹೋಗುವುದು ಎರಡರಲ್ಲೂ ಉಂಟು, ಅದರಿಂದ ತೀರ್ಮಾನ ಬೇಡ. ನಾಲಿಗೆಯ ಪಕ್ಕ ಕಚ್ಚಿದ ಗಾಯ ಮಾತ್ರ ಅಪಸ್ಮಾರದ ಬಲವಾದ ಗುರುತು.

ಹೆಚ್ಚು ತಿಳಿಸುವುದು ಆಮೇಲಿನ ಹತ್ತು ನಿಮಿಷ. ಹೆಸರು, ಜಾಗ, ದಿನ ಕೇಳಿ. ಮೂರ್ಛೆಯಿಂದ ಎದ್ದವರು ಸುಸ್ತಾಗಿದ್ದರೂ ಬೇಗ ಸರಿಯಾಗಿ ಉತ್ತರಿಸುತ್ತಾರೆ. ಅಪಸ್ಮಾರದ ನಂತರ ಗೊಂದಲ, ಗಾಢ ನಿದ್ದೆ, ಮೈಕೈ ನೋವು ಬಹಳ ಹೊತ್ತು ಇರುತ್ತವೆ.

ಡಾಕ್ಟರ ಬಳಿ ‘ಫಿಟ್ಸ್’ ಎಂಬ ಹಣೆಪಟ್ಟಿ ಹಚ್ಚದೆ ಕಂಡದ್ದನ್ನು ಕ್ರಮವಾಗಿ ಹೇಳಿ: ‘ಬಿಸಿಲಲ್ಲಿ ನಿಂತಿದ್ದಳು, ಬಿಳಿಚಿಕೊಂಡಳು, ಮೆತ್ತಗೆ ಕುಸಿದಳು, ಕೂರಿಸಿದಾಗ ನಾಲ್ಕೈದು ಸಲ ಅದುರಿತು, ಮಲಗಿಸಿದ ಮೇಲೆ 20 ಸೆಕೆಂಡಿಗೆ ಕಣ್ಣುಬಿಟ್ಟು ನನ್ನ ಹೆಸರು ಹೇಳಿದಳು.’ ಇಷ್ಟು ವಿವರ ಸಿಗದೆ, ಮಿದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಇಇಜಿ ಒಂದನ್ನೇ ನಂಬಿ ವರ್ಷಗಟ್ಟಲೆ ಬೇಡದ ಮಾತ್ರೆ ನುಂಗುವಂತಾಗಬಾರದು. ಓಡುವಾಗ ಅಥವಾ ಮಲಗಿದ್ದಾಗಲೇ ಎಚ್ಚರ ತಪ್ಪಿದರೆ, ಎದೆ ಡವಗುಟ್ಟಿದ ಬೆನ್ನಿಗೇ ಬಿದ್ದರೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೆ ಹಠಾತ್ತನೆ ತೀರಿಕೊಂಡಿದ್ದರೆ ಅದನ್ನೇ ಮೊದಲು ತಿಳಿಸಿ. ಅಂದೇ ಇಸಿಜಿ ಮಾಡಿಸಬೇಕು, ಏಕೆಂದರೆ ಆಗ ಶಂಕೆ ಹೃದಯದ ಮೇಲೆ.